ಹುಬ್ಬು ಕೀಳುವ ಮುನ್ನ ಪೆನ್ಸಿಲ್ ಹಿಡಿಯಿರಿ

ಮನೆಯಲ್ಲೇ ಐಬ್ರೋ ಮಾಡಿಕೊಳ್ಳಲು ಹೋಗಿ ಕೆಡಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಕೂದಲು ಕೀಳಲು ಚೆನ್ನಾಗಿಯೇ ಬರುತ್ತದೆ. ಅವರು ಎಡವುವುದು ಬೇರೆ ಎರಡು ಕಡೆ. ಎಲ್ಲಿ ಕೀಳಬೇಕು ಅಂತ ಗುರುತು ಹಾಕಿಕೊಳ್ಳದೆ ಪ್ಲಕ್ಕರ್ ಹಿಡಿಯುತ್ತಾರೆ. ಆಮೇಲೆ ಎಡದ್ದು ದಪ್ಪ ಆಯ್ತು, ಬಲದ್ದು ದಪ್ಪ ಆಯ್ತು ಅಂತ ಎರಡನ್ನೂ ಸರಿದೂಗಿಸಲು ಕೂರುತ್ತಾರೆ. ಬೆಣ್ಣೆ ಹಂಚಲು ಬಂದ ಕೋತಿಯ ಕಥೆ ಗೊತ್ತಲ್ವಾ, ತಕ್ಕಡಿ ಸಮ ಆಗುವಷ್ಟರಲ್ಲಿ ಬೆಣ್ಣೆಯೇ ಇರಲಿಲ್ಲ. ಹಾಗಾಗಿ ಈ ಲೇಖನದಲ್ಲಿ ಕೀಳುವುದರ ಬಗ್ಗೆ ಸ್ವಲ್ಪ, ಗುರುತು ಹಾಕುವುದರ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಮೊದಲ ಕೆಲಸ ಏನೂ ಮಾಡದೆ ಇರುವುದು. ಕೊನೆಯ ಸಲ ಪಾರ್ಲರ್‌ನಲ್ಲಿ ದಾರ ಹಾಕಿಸಿದ ಮೇಲೆ ಕನಿಷ್ಠ 3-4 ವಾರ ಹುಬ್ಬನ್ನು ಮುಟ್ಟಬೇಡಿ. ನೋಡಲು ಚೆನ್ನಾಗಿರುವುದಿಲ್ಲ, ಇರಲಿ. ನಿಮ್ಮ ಹುಬ್ಬು ನಿಜಕ್ಕೂ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಅಂತ ಕಾಣುವುದು ಆಗಲೇ.

ಬೇಕಾಗುವ ಸಾಮಾನು ಕಡಿಮೆ. ತುದಿ ಓರೆಯಾಗಿರುವ ಒಂದು ಪ್ಲಕ್ಕರ್, ಚೆನ್ನಾಗಿ ತೊಳೆದ ಹಳೆಯ ಮಸ್ಕಾರ ಬ್ರಷ್, ಕಂದು ಬಣ್ಣದ ಐಬ್ರೋ ಪೆನ್ಸಿಲ್, ಬಿಳಿ ಕಣ್ಣಿನ ಪೆನ್ಸಿಲ್, ಸಣ್ಣ ಕತ್ತರಿ. ಪ್ಲಕ್ಕರ್‌ಗೆ ಮಾತ್ರ ಕಂಜೂಸುತನ ಬೇಡ. ಬಳೆ ಅಂಗಡಿಯಲ್ಲಿ ಸಿಗುವ ಅಗ್ಗದ ಪ್ಲಕ್ಕರ್‌ಗಳಲ್ಲಿ ಎಷ್ಟೋ ಸಲ ಎರಡು ತುದಿ ಸರಿಯಾಗಿ ಕೂಡುವುದಿಲ್ಲ. ಕೂದಲು ಬುಡದಿಂದ ಬರುವ ಬದಲು ನಡುವೆ ತುಂಡಾಗುತ್ತದೆ, ಎರಡೇ ದಿನಕ್ಕೆ ಚುಚ್ಚಲು ಶುರು. ಕೊಳ್ಳುವಾಗ ತುದಿಗಳನ್ನು ಒತ್ತಿ ಬೆಳಕಿಗೆ ಹಿಡಿದು ನೋಡಿ, ನಡುವೆ ಸಂದಿ ಕಂಡರೆ ಬಿಟ್ಟುಬಿಡಿ. ದೊಡ್ಡದಾಗಿ ತೋರಿಸುವ ಕನ್ನಡಿಯೂ ಬೇಡವೇ ಬೇಡ. ಅದರಲ್ಲಿ ಪ್ರತಿ ಕೂದಲೂ ತಪ್ಪು ಜಾಗದಲ್ಲಿ ಇದ್ದಂತೆ ಕಾಣುತ್ತದೆ. ಎದುರಿಗೆ ನಿಂತು ಮಾತಾಡುವವರು ನಿಮ್ಮನ್ನು ಅಷ್ಟು ಹತ್ತಿರದಿಂದ ನೋಡುವುದಿಲ್ಲ. ಮಾಮೂಲಿ ಕನ್ನಡಿಯನ್ನು ಕಿಟಕಿಯ ಹತ್ತಿರ, ಬೆಳಕು ಮುಖದ ಮೇಲೆ ನೇರವಾಗಿ ಬೀಳುವ ಹಾಗೆ ಇಟ್ಟುಕೊಳ್ಳಿ. ಬೆಳಕು ಒಂದೇ ಪಕ್ಕದಿಂದ ಬಂದರೆ ಆ ಕಡೆಯ ಹುಬ್ಬು ತೆಳ್ಳಗೆ, ಈ ಕಡೆಯದು ದಪ್ಪಗೆ ಕಾಣುತ್ತದೆ. ಬಚ್ಚಲ ಮನೆಯ ಬಲ್ಬ್ ಇನ್ನೂ ಮೋಸ.

ಈಗ ಗುರುತು. ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಒರೆಸಿಟ್ಟುಕೊಳ್ಳಿ, ಅಥವಾ ಪೆನ್ಸಿಲ್ ಆದರೂ ಆದೀತು. ಕಡ್ಡಿಯ ಕೆಳತುದಿ ಮೂಗಿನ ಹೊಳ್ಳೆಯ ಹೊರಅಂಚಿನಲ್ಲಿ ಇರಲಿ, ಅದನ್ನು ಕದಲಿಸಬೇಡಿ. ಕಡ್ಡಿಯನ್ನು ನೇರ ಮೇಲಕ್ಕೆ ನಿಲ್ಲಿಸಿದಾಗ ಅದು ಹುಬ್ಬನ್ನು ಮುಟ್ಟುವ ಜಾಗ ಹುಬ್ಬಿನ ಶುರು. ನೇರವಾಗಿ ಮುಂದೆ ನೋಡುತ್ತಾ ಕಡ್ಡಿಯನ್ನು ಕಣ್ಣಿನ ಕರಿಗುಡ್ಡೆಯ ಹೊರಅಂಚಿನ ಮೇಲೆ ಹಾದುಹೋಗುವಂತೆ ವಾಲಿಸಿದರೆ ಸಿಗುವ ಜಾಗ ಹುಬ್ಬಿನ ಏರು, ಅಂದರೆ ಅತಿ ಎತ್ತರದ ಬಿಂದು. ಇನ್ನೂ ವಾಲಿಸಿ ಕಣ್ಣಿನ ಹೊರಮೂಲೆಗೆ ತಂದರೆ ಸಿಗುವುದು ಬಾಲದ ತುದಿ. ಮೂರೂ ಕಡೆ ಕಂದು ಪೆನ್ಸಿಲ್‌ನಲ್ಲಿ ಚುಕ್ಕಿ ಇಡಿ. ಎರಡೂ ಹುಬ್ಬಿಗೆ.

ಈ ಅಳತೆ ಶಾಸನ ಏನಲ್ಲ. ಮೂಗು ಅಗಲ ಇರುವವರು ಇದನ್ನೇ ನಂಬಿ ಶುರುವನ್ನು ಗುರುತಿಸಿದರೆ ಹುಬ್ಬುಗಳ ನಡುವೆ ಬಯಲಾಗಿಬಿಡುತ್ತದೆ. ಅಂಥವರು ಕಣ್ಣಿನ ಒಳಮೂಲೆಯಿಂದ ನೇರ ಮೇಲಕ್ಕೆ ಅಳೆಯುವುದು ಒಳ್ಳೆಯದು. ಏರಿನ ಬಿಂದುವೂ ಅಷ್ಟೇ, ನಿಮ್ಮ ಹುಬ್ಬು ಹುಟ್ಟಿನಿಂದಲೇ ನೇರವಾಗಿದ್ದರೆ ಅಲ್ಲಿ ಬಲವಂತವಾಗಿ ಗುಡ್ಡ ಎಬ್ಬಿಸಬೇಡಿ. ನೇರ ಹುಬ್ಬಿಗೆ ಏರು ಕೊಡಲು ಕೆಳಗಿನಿಂದ ಕೆರೆಯುತ್ತಾ ಹೋಗಬೇಕಾಗುತ್ತದೆ, ಕೊನೆಗೆ ಅಲ್ಲೊಂದು ಗುಂಡಿ ಬೀಳುತ್ತದೆ ಅಷ್ಟೇ. ಬಾಲದ ತುದಿ ಶುರುವಿಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ, ಇಳಿದರೆ ಮುಖ ಸೋತಂತೆ ಕಾಣುತ್ತದೆ.

ಚುಕ್ಕಿ ಇಟ್ಟ ಮೇಲೆ ಮಸ್ಕಾರ ಬ್ರಷ್‌ನಿಂದ ಕೂದಲನ್ನು ಮೇಲಕ್ಕೆ ಬಾಚಿ, ಕಂದು ಪೆನ್ಸಿಲ್‌ನಲ್ಲಿ ನಿಮಗೆ ಬೇಕಾದ ಹುಬ್ಬನ್ನು ಪೂರ್ತಿ ಬರೆದುಕೊಳ್ಳಿ. ಕೆಳಗೆರೆ, ಮೇಲ್ಗೆರೆ ಎರಡೂ. ಇಷ್ಟು ದಪ್ಪ ಸಾಕು ಅನಿಸುವುದಕ್ಕಿಂತ ಒಂದು ಕೂದಲ ಸಾಲು ಹೆಚ್ಚಿಗೆ ಬಿಟ್ಟೇ ಬರೆಯಿರಿ. ಆಮೇಲೆ ಗೆರೆಯ ಹೊರಗೆ ಉಳಿದ ಕೂದಲನ್ನೆಲ್ಲ ಬಿಳಿ ಪೆನ್ಸಿಲ್‌ನಿಂದ ಮುಚ್ಚಿ. ಬಿಳಿ ಪೆನ್ಸಿಲ್ ಇಲ್ಲದಿದ್ದರೆ ಗಟ್ಟಿ ಫೌಂಡೇಶನ್ ಆದರೂ ನಡೆಯುತ್ತದೆ. ಆ ಕೂದಲು ಕಿತ್ತರೆ ಹುಬ್ಬು ಹೇಗೆ ಕಾಣುತ್ತದೆ ಅನ್ನುವುದು ಒಂದೂ ಕೂದಲು ಕೀಳದೆಯೇ ಗೊತ್ತಾಗಿಬಿಡುತ್ತದೆ. ಇಷ್ಟ ಆಗಲಿಲ್ಲವಾ, ಹತ್ತಿಯಲ್ಲಿ ಸ್ವಲ್ಪ ಕೊಬ್ಬರಿ ಎಣ್ಣೆ ಹಾಕಿ ಒರೆಸಿ, ಸೋಪಿನಲ್ಲಿ ತೊಳೆದು, ಮತ್ತೆ ಬರೆಯಿರಿ. ಕಿತ್ತ ಕೂದಲು ಪೂರ್ತಿ ಬೆಳೆಯಲು ಎರಡು-ಮೂರು ತಿಂಗಳಾದರೂ ಬೇಕು. ಒಂದೇ ಜಾಗದಲ್ಲಿ ವರ್ಷಗಟ್ಟಲೆ ಕೀಳುತ್ತಿದ್ದರೆ ಬುಡವೇ ಸೋತು, ಕೆಲವು ಕಡೆ ಮತ್ತೆ ಬರುವುದೇ ಇಲ್ಲ.

ಸಮ ಇಲ್ಲ ಅನ್ನುವ ಸಮಸ್ಯೆಯನ್ನು ಬಗೆಹರಿಸಬೇಕಾದದ್ದೂ ಈ ಹಂತದಲ್ಲೇ. ನಮ್ಮ ಅಕ್ಕನ ಮಗಳದ್ದು ಇದೇ ಕೇಸು. 'ಚಿಕ್ಕಮ್ಮ, ನನ್ನ ಎಡ ಹುಬ್ಬು ಮೇಲಿದೆ, ಮೇಲಿನಿಂದ ಒಂದು ಸಾಲು ತೆಗೆದುಬಿಡ್ತೀನಿ' ಅಂತ ಪ್ಲಕ್ಕರ್ ಹಿಡಿದು ಬಂದಿದ್ದಳು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರು ಅಂದೆ. ಹಣೆಯ ಮೇಲೆ ಅಂಗೈಯನ್ನು ಹಗುರವಾಗಿ ಇಟ್ಟು, ಆಮೇಲೆ ಮೆಲ್ಲಗೆ ಕಣ್ಣು ತೆರೆಯಲು ಹೇಳಿದೆ. ಎಡ ಹುಬ್ಬು ಕೆಳಗಿಳಿದು ಬಲದ್ದರ ಹತ್ತಿರಕ್ಕೆ ಬಂತು. ಕನ್ನಡಿ ನೋಡುವಾಗ ಅವಳಿಗೆ ಗೊತ್ತಿಲ್ಲದೆಯೇ ಎಡ ಹುಬ್ಬನ್ನು ಏರಿಸುವ ಅಭ್ಯಾಸ ಇತ್ತು. ತುಂಬಾ ಜನಕ್ಕೆ ಇದು ಇರುತ್ತದೆ, ಒಂದು ಕಡೆಯ ಹಣೆಯ ಸ್ನಾಯು ಇನ್ನೊಂದಕ್ಕಿಂತ ಜೋರಾಗಿ ಎಳೆಯುತ್ತದೆ. ಮೇಲಿನಿಂದ ಒಂದು ಸಾಲು ಕಿತ್ತಿದ್ದರೆ ಹುಬ್ಬು ತೆಳ್ಳಗಾಗುತ್ತಿತ್ತೇ ಹೊರತು ಸ್ನಾಯು ಎಳೆಯುವುದು ನಿಲ್ಲುತ್ತಿರಲಿಲ್ಲ.

ಮುಖ ಸಡಿಲ ಬಿಟ್ಟ ಮೇಲೂ ಸ್ವಲ್ಪ ವ್ಯತ್ಯಾಸ ಉಳಿದಿತ್ತು. ಬಲ ಹುಬ್ಬಿನ ಬಾಲ ತೆಳ್ಳಗಿತ್ತು, ಎಡದ್ದು ತುಂಬಿಕೊಂಡಿತ್ತು. ಎಡದ ಬಾಲ ಕೀಳೋಣ ಅನ್ನುವುದು ಅವಳ ಆಸೆ. ನಾವು ಮಾಡಿದ್ದು ಉಲ್ಟಾ. ಬಲದ ಬಾಲಕ್ಕೆ ಪೆನ್ಸಿಲ್‌ನಲ್ಲಿ ಸಣ್ಣ ಸಣ್ಣ ಗೆರೆ ಎಳೆದು ಎಡದ ಉದ್ದಕ್ಕೆ ತಂದೆವು. ಆಮೇಲೆ ಕೀಳಲು ಉಳಿದದ್ದು ಎರಡೂ ಕಡೆ ಗೆರೆಯ ಕೆಳಗೆ ಚದುರಿದ್ದ ಕೆಲವು ಕೂದಲು ಮಾತ್ರ. ತೆಳ್ಳಗಿರುವುದನ್ನು ಪೆನ್ಸಿಲ್‌ನಿಂದ ತುಂಬಿರಿ. ದಪ್ಪ ಇರುವುದನ್ನು ಕಿತ್ತು ತೆಳ್ಳಗೆ ಮಾಡಬೇಡಿ. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ಕೀಳುವ ಮುಂಚೆ ಮುಖ ತೊಳೆಯಿರಿ, ಬಿಸಿನೀರಿನ ಸ್ನಾನದ ನಂತರ ಕೂತರೆ ಚರ್ಮ ಮೆತ್ತಗಾಗಿ ನೋವು ಕಡಿಮೆ. ಆದರೆ ಕ್ರೀಮ್, ಎಣ್ಣೆ ಹಚ್ಚಿಕೊಳ್ಳಬೇಡಿ, ಪ್ಲಕ್ಕರ್ ಜಾರುತ್ತದೆ. ಗುರುತು ಹಾಕುವುದು ಸ್ನಾನವಾಗಿ ಮುಖ ಒರೆಸಿಕೊಂಡ ಮೇಲೆ. ಒಂದು ಬೆರಳಿನಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಕೂದಲನ್ನು ಬುಡದ ಹತ್ತಿರ ಹಿಡಿದು, ಅದು ಬೆಳೆದಿರುವ ದಿಕ್ಕಿಗೇ ಸರಕ್ಕನೆ ಎಳೆಯಿರಿ. ಒಂದು ಸಲಕ್ಕೆ ಒಂದೇ ಕೂದಲು. ಎಡದಲ್ಲಿ ಮೂರು-ನಾಲ್ಕು ಕಿತ್ತ ಮೇಲೆ ಬಲಕ್ಕೆ ಬನ್ನಿ, ಅಲ್ಲೂ ಅಷ್ಟೇ ಕೀಳಿ, ಪ್ಲಕ್ಕರ್ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಹೋಗಿ ನೋಡಿ. ಪ್ಲಕ್ಕರ್ ಕೆಳಗಿಡುವುದು ಮುಖ್ಯ. ಕೈಯಲ್ಲಿದ್ದರೆ ಇನ್ನೊಂದೇ ಒಂದು ಅನಿಸುತ್ತದೆ.

ಶುರು ಮಾಡಬೇಕಾದದ್ದು ಎರಡು ಹುಬ್ಬುಗಳ ನಡುವಿನಿಂದ, ಅಲ್ಲಿ ತಪ್ಪಾಗುವುದು ಕಡಿಮೆ. ಆಮೇಲೆ ಏರಿನಿಂದ ಬಾಲದವರೆಗಿನ ಕೆಳಭಾಗ. ಹುಬ್ಬಿನ ಶುರುವಿನ ಕೆಳಗೆ ಮಾತ್ರ ಹೊಸಬರು ಕೈ ಹಾಕಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ಒಳಮೂಲೆಯ ಕೆಳಗಿನ ನಾಲ್ಕು ಕೂದಲು ಹೋದರೆ ಅಲ್ಲಿ ದಿಢೀರ್ ಮೂಲೆ ಮೂಡಿ, ಶುರು ದುಂಡಗೆ, ಬಾಲ ಸಣ್ಣಗೆ, ಅಲ್ಪವಿರಾಮ ಚಿಹ್ನೆ ಅಂಟಿಸಿದಂತೆ ಆಗುತ್ತದೆ. ಮೇಲಿನ ಅಂಚಿನಲ್ಲಿ ಗೆರೆಯಿಂದ ದೂರ ಬೆಳೆದ ಒಂದೆರಡು ಕೂದಲು ಇದ್ದರೆ ತೆಗೆಯಿರಿ, ಅದಕ್ಕಿಂತ ಹೆಚ್ಚು ಬೇಡ.

ಉದ್ದದ ಕೂದಲಿಗೆ ಕತ್ತರಿ. ಮೇಲಕ್ಕೆ ಬಾಚಿ, ಮೇಲ್ಗೆರೆ ದಾಟಿದ ತುದಿಗಳನ್ನು ಒಂದೊಂದಾಗಿ ಕತ್ತರಿಸಿ. ಬಾಚಣಿಗೆ ಇಟ್ಟು ಒಟ್ಟಿಗೆ ಕಚಕ್ ಅನಿಸಿದರೆ ಕೂದಲು ಮತ್ತೆ ಮಲಗಿದಾಗ ನಡುವೆ ಚರ್ಮ ಕಾಣುತ್ತದೆ.

ಅಡ್ಡದಾರಿಗಳ ಬಗ್ಗೆ ಒಂದೆರಡು ಮಾತು. ಕೂದಲು ತೆಗೆಯುವ ಕ್ರೀಮ್ ಹುಬ್ಬಿಗೆ ಬೇಡ, ಕಣ್ಣಿನ ಸುತ್ತ ಹಚ್ಚಬಾರದು ಅಂತ ಪ್ಯಾಕೆಟ್ ಮೇಲೆಯೇ ಬರೆದಿರುತ್ತದೆ. ಪುಟ್ಟ ಐಬ್ರೋ ರೇಜರ್ ಹಣೆಯ ಸಣ್ಣ ರೋಮಕ್ಕೆ ಸರಿ, ಶೇಪ್ ಕೊಡಲು ಅಲ್ಲ, ಕೈ ಒಂಚೂರು ನಡುಗಿದರೆ ಅರ್ಧ ಬಾಲ ಹೋಗುತ್ತದೆ. ದಾರ ಒಂದೇ ಸಲಕ್ಕೆ ಸಾಲು ಕೂದಲನ್ನು ಕೀಳುತ್ತದೆ, ಪಾರ್ಲರ್‌ನವರ ಪಳಗಿದ ಕೈಗೆ ಅದೇ ಅನುಕೂಲ, ನಮ್ಮಂಥವರಿಗೆ ಅದೇ ಅಪಾಯ. ಮೊಡವೆಗೆ ಅಡಾಪಲೀನ್‌ನಂಥ ರೆಟಿನಾಯ್ಡ್ ಕ್ರೀಮ್ ಹಚ್ಚುತ್ತಿದ್ದರೆ ಹುಬ್ಬಿಗೆ ವ್ಯಾಕ್ಸ್ ಹಾಕಲೇಬೇಡಿ, ಆ ಕ್ರೀಮ್‌ನಿಂದ ನಾಜೂಕಾದ ಚರ್ಮ ವ್ಯಾಕ್ಸ್ ಜೊತೆಯಲ್ಲೇ ಕಿತ್ತುಬರಬಹುದು.

ಕೆಲಸ ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ ಒತ್ತಿಕೊಳ್ಳಿ. ಕೆಂಪು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಆ ದಿನ ಅಲ್ಲಿಗೆ ಪೌಡರ್, ಫೌಂಡೇಶನ್ ಹಚ್ಚಬೇಡಿ. ಮನೆಯಲ್ಲಿ ಫಂಕ್ಷನ್ ಇದ್ದರೆ ಮೂರ್ನಾಲ್ಕು ದಿನ ಮುಂಚೆಯೇ ಮಾಡಿಕೊಳ್ಳಿ, ಹಿಂದಿನ ರಾತ್ರಿ ಅಲ್ಲ.

ಜಾಸ್ತಿ ಕಿತ್ತುಬಿಟ್ಟಿದ್ದರೆ ಇನ್ನೊಂದು ಕಡೆಯನ್ನು ಅದಕ್ಕೆ ಹೊಂದಿಸಲು ಹೋಗದೆ, ಖಾಲಿ ಜಾಗಕ್ಕೆ ಪೆನ್ಸಿಲ್ ಹಚ್ಚಿಕೊಂಡು ಓಡಾಡಿ. ಹರಳೆಣ್ಣೆ ಹಚ್ಚಿದರೆ ಹುಬ್ಬು ಹೊಳೆಯುತ್ತದೆ, ಕಪ್ಪಾಗಿ ಕಾಣುತ್ತದೆ. ಆದರೆ ಅದು ಹೊಸ ಕೂದಲು ಹುಟ್ಟಿಸುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಹಚ್ಚಲೇಬೇಕು ಅಂದರೆ ಕಣ್ಣಿಗೆ ಇಳಿಯದಂತೆ ಹಚ್ಚಿ. ನೀವು ಕೀಳದೆಯೇ ಎರಡೂ ಹುಬ್ಬಿನ ಬಾಲ ತಾನಾಗಿ ಉದುರುತ್ತಿದ್ದರೆ ಪ್ಲಕ್ಕರ್, ಪೆನ್ಸಿಲ್ ಎರಡನ್ನೂ ಬಿಟ್ಟು ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ಕಡಿಮೆ ಇದ್ದಾಗಲೂ ಹಾಗಾಗುವುದುಂಟು, ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.