ಜಗಲಿಯಲ್ಲಿ ಕೂತ ಫೋನಿಗೆ ಎರಡು ಟವರ್‌ಗಳ ಜಗ್ಗಾಟ

ಕೊಡಗಿನ ಮೂರ್ನಾಡು ಕಡೆಯ ಒಂದು ಕಾಫಿ ತೋಟದಿಂದ ದೂರು ಬಂದಿತ್ತು. "ನಾನು ಜಗಲಿ ಬಿಟ್ಟು ಏಳೋದೇ ಇಲ್ಲ. ಆದ್ರೂ ಮಾತು ಕಟ್ ಕಟ್ ಆಗುತ್ತೆ" ಅಂದರು ಮನೆಯ ಹಿರಿಯರು.

ಅದೇ ಜಗಲಿಯಲ್ಲಿ ಪರೀಕ್ಷೆಯ ಫೋನ್ ಇಟ್ಟು ಹತ್ತು ನಿಮಿಷ ಲಾಗ್ ತೆಗೆದೆ. 23 ಹ್ಯಾಂಡೋವರ್, ಅಂದ್ರೆ ಫೋನ್ ಒಂದು ಸೆಲ್ ಬಿಟ್ಟು ಇನ್ನೊಂದಕ್ಕೆ ದಾಟಿದ್ದು 23 ಸಲ! ಗುಡ್ಡದ ಮೇಲಿನ ಟವರ್‌ನ ಸೆಲ್ ಸಿಗ್ನಲ್ ಮೈನಸ್ 98, ಊರ ಕಡೆಯದು ಮೈನಸ್ 97 ಡಿಬಿಎಂ. ಮಳೆಗಾಲ, ಒದ್ದೆ ಸಿಲ್ವರ್ ಓಕ್ ಮರಗಳು ಗಾಳಿಗೆ ಅಲುಗಾಡಿದಾಗಲೆಲ್ಲ ಎರಡೂ ಎರಡು ಮೂರು ಡಿಬಿ ಮೇಲೆ ಕೆಳಗೆ ಆಗುತ್ತಿದ್ದವು.

ಪಕ್ಕದ ಸೆಲ್ ಈಗಿನದಕ್ಕಿಂತ ಇಷ್ಟು ಡಿಬಿ ಜಾಸ್ತಿಯಾಗಿ, ಇಷ್ಟು ಹೊತ್ತು ಹಾಗೇ ಇದ್ದರೆ ಫೋನ್ ಟವರ್‌ಗೆ ಅಳತೆಯ ವರದಿ ಕಳಿಸುತ್ತದೆ, ಅದನ್ನು ನೋಡಿ ಟವರ್ ಹ್ಯಾಂಡೋವರ್ ಮಾಡಿಸುತ್ತದೆ. ಈ ಷರತ್ತಿಗೆ ಎ3 ಅಂತಾರೆ. ಅಲ್ಲಿ ಆಫ್‌ಸೆಟ್ 1, ಹಿಸ್ಟರಿಸಿಸ್ 1, ಸೇರಿ 2 ಡಿಬಿ ಅಂತರ ಇತ್ತು. ಕಾಯುವ ಹೊತ್ತು 100 ಮಿಲಿಸೆಕೆಂಡ್. ಗಾಳಿಯ ಏರಿಳಿತವೇ ಅದನ್ನು ದಾಟುತ್ತಿತ್ತು.

ಎರಡನ್ನೂ 2ಕ್ಕೆ ಏರಿಸಿ ಅಂತರ 4 ಡಿಬಿ ಮಾಡಿದೆ, ಕಾಯುವ ಹೊತ್ತು 640. ಜಗಲಿ ಶಾಂತವಾಯಿತು. ಆದರೆ ಮರುದಿನ ಕೆಳಗಿನ ರಸ್ತೆಯ ತಿರುವಿನಲ್ಲಿ ಕರೆಗಳು ಬೀಳತೊಡಗಿದವು. ಅಲ್ಲಿ ಗುಡ್ಡದ ಕಡಿದಾದ ಬರೆ ಅಡ್ಡ ಬಂದ ಕೂಡಲೇ ಗುಡ್ಡದ ಸೆಲ್ ಮೈನಸ್ 95ರಿಂದ ಮೈನಸ್ 115ಕ್ಕೆ ಕುಸಿಯುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ 640 ಮಿಲಿಸೆಕೆಂಡ್ ಅಂದ್ರೆ ಏಳು ಮೀಟರ್. ಅಳತೆಯನ್ನು ಸರಾಸರಿ ಮಾಡುವ ಫಿಲ್ಟರ್ ಇನ್ನೂ ಒಂದಿಷ್ಟು ತಡ ಮಾಡುತ್ತದೆ. ಅಷ್ಟರಲ್ಲಿ ವರದಿಯೇ ಟವರ್ ಮುಟ್ಟುವುದಿಲ್ಲ. ಲಾಗ್‌ನಲ್ಲಿ ಗುರುತು ಸ್ಪಷ್ಟ: ಗುಡ್ಡದ ಸೆಲ್‌ನಲ್ಲಿ ಸಂಪರ್ಕ ಸತ್ತು, ತಕ್ಷಣ ತಿರುವಿನಾಚೆ ಸಿಗುವ ಕಣಿವೆಯ ಸೆಲ್‌ನಲ್ಲಿ ಮರುಸಂಪರ್ಕದ ಕೋರಿಕೆ. ತಡವಾದ ಹ್ಯಾಂಡೋವರ್ ಅಂತ ಇದರಿಂದಲೇ ಗೊತ್ತಾಗುತ್ತದೆ.

ಜಗಲಿಗೆ ತಾಳ್ಮೆ ಬೇಕು, ತಿರುವಿಗೆ ಅವಸರ ಬೇಕು. ಹಾಗಾಗಿ ಕಾಯುವ ಹೊತ್ತನ್ನು 320ಕ್ಕೆ ಇಳಿಸಿದೆ. 4 ಡಿಬಿ ಅಂತರ ಹಾಗೇ ಬಿಟ್ಟು, ಕಣಿವೆಯ ಸೆಲ್ ಒಂದಕ್ಕೆ ಮಾತ್ರ 3 ಡಿಬಿ ರಿಯಾಯಿತಿ ಕೊಟ್ಟೆ. ಪ್ರತಿ ನೆರೆಯ ಸೆಲ್‌ಗೂ ಬೇರೆ ಬೇರೆಯಾಗಿ ಕೊಡಬಹುದಾದ ಈ ಮೊತ್ತವೇ ಸೆಲ್ ಇಂಡಿವಿಜುವಲ್ ಆಫ್‌ಸೆಟ್. ಈಗ ಕಣಿವೆ ಸೆಲ್ 1 ಡಿಬಿ ಮುಂದಿದ್ದರೂ ಫೋನ್ ಅಲ್ಲಿಗೆ ದಾಟುತ್ತದೆ.

ಇಲ್ಲೇ ತುಂಬಾ ಜನ ಎಡವುತ್ತಾರೆ. ಹೋಗುವ ದಾರಿಗೆ ರಿಯಾಯಿತಿ ಕೊಟ್ಟು, ಬರುವ ದಾರಿಯನ್ನು ನೋಡುವುದೇ ಇಲ್ಲ. ಎರಡೂ ಕಡೆ 5 ಡಿಬಿ ಕೊಟ್ಟರೆ ಎರಡೂ ಅಂತರ ಮೈನಸ್ 1 ಆಗುತ್ತದೆ. ಆಗ ಸಿಗ್ನಲ್ ಅಲ್ಲಾಡದಿದ್ದರೂ ಫೋನ್ ಸುಮ್ನೆ ಆಚೆ ಈಚೆ ಓಡಾಡುತ್ತಲೇ ಇರುತ್ತದೆ. ಅದಕ್ಕೆ ವಾಪಸ್ ದಾರಿಗೆ ಮೈನಸ್ 3 ಹಾಕಿದೆ. ಹೋಗುವಾಗ 1, ಬರುವಾಗ 7, ಒಟ್ಟು ಮೊದಲಿನಂತೆ 8.

ಆಮೇಲೆ ಆ ತಿರುವಿನಲ್ಲಿ ಕರೆ ಹಿಡಿದುಕೊಂಡೇ ಹನ್ನೆರಡು ಸಲ ಜೀಪ್ ಓಡಿಸಿದೆವು. ಒಂದೂ ಬೀಳಲಿಲ್ಲ. ಜಗಲಿಯಲ್ಲಿ ಹತ್ತು ನಿಮಿಷಕ್ಕೆ ಎರಡು ಹ್ಯಾಂಡೋವರ್. ಇದಕ್ಕೊಂದು ಬೆಲೆಯೂ ಇದೆ: ಅಲ್ಲಿ ಫೋನ್ ಕೆಲವೊಮ್ಮೆ 4 ಡಿಬಿ ಕಡಿಮೆಯ ಸೆಲ್‌ನಲ್ಲೇ ಉಳಿಯುತ್ತದೆ, ಡೇಟಾ ವೇಗ ಸ್ವಲ್ಪ ತಗ್ಗುತ್ತದೆ. ತೋಟದಲ್ಲಿ ಮರಗಸಿ, ಅಂದ್ರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮುಗಿದ ಮೇಲೆ ಸಿಗ್ನಲ್ ಬೇರೆಯೇ ಆಗಿರುತ್ತದೆ. ಆಗ ಮತ್ತೆ ಆ ಜಗಲಿಯಲ್ಲಿ ಫೋನ್ ಇಟ್ಟು ಅಳೆಯಬೇಕು.