ಮನೆ ಊಟದಲ್ಲೇ ಕ್ಯಾಲೊರಿ ಇಳಿಸುವವರು ಮೊದಲು ಬಟ್ಟಲು ಅಳೆಯಿರಿ

ನಿಮ್ಮ ಬಟ್ಟಲಿಗೆ ಎಷ್ಟು ನೀರು ಹಿಡಿಯುತ್ತದೆ ಎಂದು ಮೊದಲು ಅಳೆದುಕೊಳ್ಳಿ. ನನ್ನದು 150 ಮಿಲಿ. ಒತ್ತದೆ, ಅಂಚಿಗೆ ಸಮವಾಗಿ ತುಂಬಿದರೆ ಅನ್ನ ಸುಮಾರು 150 ಕ್ಯಾಲೊರಿ. ಒತ್ತಿ ಗೋಪುರ ಮಾಡಿದರೆ 200 ದಾಟುತ್ತದೆ. ಮಧ್ಯಾಹ್ನ ನಾನು ಎರಡು ಬಟ್ಟಲು ಅನ್ನ, ಒಂದೊಂದು ಬಟ್ಟಲು ಬೇಳೆ ಸಾರು, ಬೀನ್ಸ್ ಪಲ್ಯ ಬಡಿಸಿಕೊಳ್ಳುತ್ತೇನೆ.

ಲೆಕ್ಕ ತಪ್ಪುವುದು ಎಣ್ಣೆಯಲ್ಲಿ. 5 ಮಿಲಿಯ ಟೀ ಚಮಚ ಎಣ್ಣೆಗೆ 40 ಕ್ಯಾಲೊರಿಗೂ ಸ್ವಲ್ಪ ಜಾಸ್ತಿ, ತುಪ್ಪಕ್ಕೂ ಹೆಚ್ಚುಕಡಿಮೆ ಅಷ್ಟೇ. ಬಾಟಲಿಯಿಂದಲೇ ಒಗ್ಗರಣೆಗೆ ಸುರಿದರೆ ಎಷ್ಟು ಬಿತ್ತು ಅಂತ ಗೊತ್ತೇ ಆಗುವುದಿಲ್ಲ, ಅಲ್ವಾ? ನಾಲ್ಕು ಜನರ ಪಲ್ಯಕ್ಕೆ ನಾಲ್ಕು ಟೀ ಚಮಚ ಅಳೆದು ಹಾಕಿ, ನಿಮ್ಮ ಪಾಲಿಗೆ ಒಂದೇ ಬರುತ್ತದೆ. ಎರಡು ಮೂರು ವಾರವಾದರೂ ತೂಕ ಕದಲದಿದ್ದರೆ ಮೊದಲು ಎಣ್ಣೆ ನೋಡಿ, ಆಮೇಲೆ ಅನ್ನದಲ್ಲಿ ಅರ್ಧ ಬಟ್ಟಲು ಇಳಿಸಿ.