ನಲವತ್ತೋ, ನಲವತ್ತನಾಲ್ಕೋ? ಒಂದರ ಮೇಲೊಂದು ಬಿದ್ದ ಆಕೃತಿಗಳಲ್ಲಿ ತ್ರಿಭುಜಗಳನ್ನು ಎಣಿಸುವ ಕ್ರಮ

‘ಈ ಚಿತ್ರದಲ್ಲಿ ಎಷ್ಟು ತ್ರಿಭುಜಗಳಿವೆ?’ ಎಂಬ ಪ್ರಶ್ನೆಯನ್ನು ಕಂಡೊಡನೆ ಹೆಚ್ಚಿನವರು ಬೆರಳಿಟ್ಟು ಕಣ್ಣಿಗೆ ಬಿದ್ದ ಕ್ರಮದಲ್ಲೇ ಎಣಿಸತೊಡಗುತ್ತಾರೆ. ಇಪ್ಪತ್ತರವರೆಗೆ ಅದು ಹೇಗೋ ಸಾಗುತ್ತದೆ. ಆಮೇಲೆ ಯಾವುದನ್ನು ಎಣಿಸಿದೆವು, ಯಾವುದನ್ನು ಬಿಟ್ಟೆವು ಎಂಬುದೇ ಮರೆತುಹೋಗುತ್ತದೆ. ಒಂದೇ ಚಿತ್ರವನ್ನು ಹಿಡಿದು, ಈ ತೊಡಕನ್ನು ಬಿಡಿಸುವ ಬಗೆಯನ್ನು ಇಲ್ಲಿ ನೋಡೋಣ.

ಕಾಗದದ ಮೇಲೆ 8 ಸೆಂ.ಮೀ. ಬಾಹುವಿನ ಚೌಕವೊಂದನ್ನು ಬರೆದು, ಅದರ ಎರಡೂ ಕರ್ಣಗಳನ್ನು ಎಳೆಯಿರಿ. ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ಗುರುತಿಸಿ, ಎದುರುಬದುರಿನವುಗಳನ್ನು ಒಂದು ಅಡ್ಡಗೆರೆಯಿಂದಲೂ ಒಂದು ನೆಟ್ಟಗೆರೆಯಿಂದಲೂ ಸೇರಿಸಿ. ಕೊನೆಗೆ ಅಕ್ಕಪಕ್ಕದ ಮಧ್ಯಬಿಂದುಗಳನ್ನು ಸೇರಿಸಿದರೆ, ದೊಡ್ಡ ಚೌಕದೊಳಗೆ ಓರೆಯಾಗಿ ನಿಂತ ಇನ್ನೊಂದು ಚೌಕ ಮೂಡುತ್ತದೆ. ಈಗ ಚಿತ್ರವು 16 ಸಮಾನ ತುಂಡುಗಳಾಗಿ ಒಡೆದಿರುತ್ತದೆ.

ಎಣಿಸುವ ಮೊದಲು ಬಿಂದುಗಳಿಗೆ ಹೆಸರಿಡಬೇಕು. ಎಡ ಮೇಲ್ಮೂಲೆಯಿಂದ ಗಡಿಯಾರದ ಮುಳ್ಳು ಸಾಗುವ ದಿಕ್ಕಿನಲ್ಲಿ ಮೂಲೆಗಳು ಕ, ಖ, ಗ, ಘ ಆಗಲಿ. ಮೇಲಿನ ಬಾಹುವಿನಿಂದ ಅದೇ ದಿಕ್ಕಿನಲ್ಲಿ ಮಧ್ಯಬಿಂದುಗಳು ಚ, ಛ, ಜ, ಝ ಆಗಲಿ. ಚೌಕವು ನಾಲ್ಕು ಕಾಲುಭಾಗಗಳಾಗಿದೆಯಲ್ಲ, ಆ ಕಾಲುಚೌಕಗಳ ನಡುಬಿಂದುಗಳು ಕ್ರಮವಾಗಿ ಪ, ಫ, ಬ, ಭ. ಇಡೀ ಚಿತ್ರದ ಕೇಂದ್ರಕ್ಕೆ ಪ-ವರ್ಗದಲ್ಲಿ ಉಳಿದಿರುವ ಮ ತಾನಾಗಿಯೇ ಒದಗುತ್ತದೆ. ಪ್ರತಿ ತ್ರಿಭುಜದ ಹೆಸರನ್ನು ವರ್ಣಮಾಲೆಯ ಕ್ರಮದಲ್ಲಿಯೇ ಬರೆಯಬೇಕು ಎಂಬುದೊಂದೇ ಕಟ್ಟುಪಾಡು. ಹಾಗೆ ಬರೆದರೆ ‘ಮಚಛ’ ಮತ್ತು ‘ಛಮಚ’ ಎಂದು ಒಂದೇ ಆಕೃತಿ ಎರಡು ವೇಷದಲ್ಲಿ ಪಟ್ಟಿಗೆ ನುಸುಳಲು ಆಗುವುದಿಲ್ಲ. ಎರಡೂ ‘ಚಛಮ’ ಎಂದೇ ಬರುತ್ತವೆ.

ಇನ್ನು ಎಣಿಕೆ. ಆಕಾರವನ್ನು ಅರಸುವ ಬದಲು ಗಾತ್ರವನ್ನು ಹಿಡಿದು ಹೊರಡಬೇಕು, ಅಂದರೆ ಒಂದು ತ್ರಿಭುಜದೊಳಗೆ ಎಷ್ಟು ತುಂಡುಗಳಿವೆ ಎಂಬುದನ್ನು ಆಧಾರವಾಗಿಟ್ಟುಕೊಳ್ಳಬೇಕು. ಒಂದೇ ತುಂಡಿನ ತ್ರಿಭುಜಗಳು 16. ಇಲ್ಲಿ ಯಾರೂ ತಪ್ಪುವುದಿಲ್ಲ. ಎರಡು ತುಂಡಿನವುಗಳಿಗೆ ಒಂದು ಕಾಲುಚೌಕವನ್ನು ಮಾತ್ರ ನೋಡಿರಿ. ಕ, ಚ, ಮ, ಝ ಬಿಂದುಗಳ ಕಾಲುಚೌಕದಲ್ಲಿ ಎರಡು ಕರ್ಣಗಳಿವೆ, ಪ್ರತಿ ಕರ್ಣವೂ ಅದನ್ನು ಎರಡು ತ್ರಿಭುಜಗಳಾಗಿ ಸೀಳುತ್ತದೆ. ಹೀಗೆ ಕಚಝ, ಚಝಮ, ಕಚಮ, ಕಝಮ ಎಂಬ ನಾಲ್ಕು ಸಿಗುತ್ತವೆ. ಕಾಲುಚೌಕಗಳು ನಾಲ್ಕಿರುವುದರಿಂದ ಒಟ್ಟು 16. ಪಕ್ಕಪಕ್ಕದ ಕಾಲುಚೌಕಗಳಿಂದ ಒಂದೊಂದು ತುಂಡನ್ನು ತೆಗೆದು ಜೋಡಿಸಿದರೆ ತ್ರಿಭುಜವಾಗುವುದಿಲ್ಲ, ಪುಟ್ಟ ಓರೆ ಚೌಕವಾಗುತ್ತದೆ. ಅದನ್ನು ನೆನಪಿನಲ್ಲಿಡಿ, ಚೌಕಗಳ ಎಣಿಕೆಗೆ ಬೇಕಾಗುತ್ತದೆ.

ಮೂರು ತುಂಡಿನ ತ್ರಿಭುಜ ಈ ಚಿತ್ರದಲ್ಲಿಲ್ಲ. ನಾಲ್ಕು ತುಂಡಿನವು ಎರಡು ಬಗೆಯಾಗಿ ಬರುತ್ತವೆ, ಮತ್ತು ಬಹುಮಂದಿ ಎಡವುವುದು ಇಲ್ಲಿಯೇ. ಮೊದಲ ಬಗೆ ಎದ್ದು ಕಾಣುತ್ತದೆ: ಹೊರಚೌಕದ ಒಂದು ಇಡೀ ಬಾಹುವನ್ನು ಪಾದವಾಗಿಟ್ಟುಕೊಂಡು ಕೇಂದ್ರದವರೆಗೆ ಬರುವ ಕಖಮ, ಖಗಮ, ಗಘಮ, ಕಘಮ. ಎರಡನೆಯ ಬಗೆ ಓರೆ ಚೌಕದ ಅರ್ಧಗಳು. ಮೇಲಿನ ಚ ಬಿಂದುವಿನಿಂದ ಎರಡೂ ಬದಿಗೆ ಇಳಿದು, ನಡುವಿನ ಅಡ್ಡಗೆರೆಯ ಮೇಲೆ ಕುಳಿತ ಚಛಝ ಅಂಥದೊಂದು. ಛಜಝ, ಚಛಜ, ಚಜಝ ಉಳಿದ ಮೂರು. ಹೊರಚೌಕದ ಚೌಕಟ್ಟಿಗೆ ಹೊಂದಿಕೊಂಡ ಕಣ್ಣಿಗೆ ಇವು ತಟ್ಟನೆ ಹೊಳೆಯುವುದಿಲ್ಲ. ಹೀಗೆ ನಾಲ್ಕು ತುಂಡಿನವು 8. ಎಂಟು ತುಂಡಿನವು, ಅಂದರೆ ಹೊರಚೌಕದ ಅರ್ಧಗಳು, 4. ಎಲ್ಲ ಕೂಡಿಸಿದರೆ 16 + 16 + 8 + 4 = 44.

ಉತ್ತರ ತಪ್ಪಾದಾಗ ಆ ತಪ್ಪು ಸಂಖ್ಯೆಯೇ ಕಾರಣವನ್ನು ಸೂಚಿಸುವುದುಂಟು. 40 ಬಂದಿದ್ದರೆ ಓರೆ ಚೌಕದ ಆ ನಾಲ್ಕು ಅರ್ಧಗಳು ಬಿಟ್ಟುಹೋಗಿರುವ ಸಂಭವವೇ ಹೆಚ್ಚು. 48 ಬಂದಿದ್ದರೆ ಚಝಮದಂತಹ ನಾಲ್ಕು ತ್ರಿಭುಜಗಳನ್ನು ಕಾಲುಚೌಕದ ಅರ್ಧಗಳೆಂದು ಒಮ್ಮೆ, ಓರೆ ಚೌಕದ ಕಾಲುಭಾಗಗಳೆಂದು ಮತ್ತೊಮ್ಮೆ ಎಣಿಸಿರಬಹುದು. ಹೆಸರುಗಳ ಪಟ್ಟಿಯಿದ್ದರೆ ಇದು ಕೂಡಲೇ ಸಿಕ್ಕಿಬೀಳುತ್ತದೆ.

ಆದರೂ ಏನೂ ಬಿಟ್ಟುಹೋಗಿಲ್ಲ ಎಂಬುದನ್ನು ಪಟ್ಟಿಯೊಂದೇ ಸಾಬೀತುಪಡಿಸದು. ಅದಕ್ಕೆ ಮೊದಲನೆಯದಕ್ಕೆ ಸಂಬಂಧವಿಲ್ಲದ ಎರಡನೆಯ ಎಣಿಕೆ ಬೇಕು. ಅದೇ ದಾರಿಯಲ್ಲಿ ಮತ್ತೆ ಎಣಿಸಿದರೆ ಅದೇ ತಪ್ಪು ಮರುಕಳಿಸುವುದೇ ಹೆಚ್ಚು. ನಮ್ಮ ಚಿತ್ರದ ಗೆರೆಗಳು ಅಡ್ಡ, ನೆಟ್ಟಗೆ ಮತ್ತು ಎರಡು ಓರೆ ಎಂಬ ನಾಲ್ಕೇ ದಿಕ್ಕುಗಳಲ್ಲಿವೆ. ಇವುಗಳಲ್ಲಿ ಯಾವ ಮೂರು ದಿಕ್ಕುಗಳನ್ನು ಆಯ್ದರೂ ಉಂಟಾಗುವ ತ್ರಿಭುಜದ ಕೋನಗಳು 45, 45, 90 ಡಿಗ್ರಿಗಳೇ ಆಗಿರುತ್ತವೆ. ಎಂದರೆ ಪ್ರತಿ ತ್ರಿಭುಜಕ್ಕೂ ಲಂಬಕೋನದ ಮೂಲೆ ಒಂದೇ ಒಂದು. ಆದ್ದರಿಂದ ಒಂದೊಂದು ಬಿಂದುವಿನ ಬಳಿ ನಿಂತು, ‘ಇಲ್ಲಿ ಲಂಬಕೋನವುಳ್ಳ ತ್ರಿಭುಜಗಳೆಷ್ಟು?’ ಎಂದು ಕೇಳುತ್ತ ಹೋದರೆ ಯಾವುದೂ ಎರಡು ಸಲ ಬರಲಾರದು.

ಮೂಲೆ ಕ ಬಳಿ ಇರುವವು ಕಚಝ ಮತ್ತು ಕಖಘ ಎಂಬ ಎರಡು. ನಾಲ್ಕು ಮೂಲೆಗಳಿಗೆ 8. ಮಧ್ಯಬಿಂದು ಚ ಬಳಿ ಕಚಮ, ಖಚಮ, ಚಛಝ ಎಂಬ ಮೂರು. ನಾಲ್ಕು ಮಧ್ಯಬಿಂದುಗಳಿಗೆ 12. ಕೇಂದ್ರ ಮ ಬಳಿ ಚಛಮದಂತಹವು ನಾಲ್ಕು, ಕಖಮದಂತಹವು ನಾಲ್ಕು, ಅಲ್ಲಿಗೆ 8. ಪ ಬಳಿ ಸುತ್ತಲಿನ ಒಂಟಿ ತುಂಡುಗಳು ನಾಲ್ಕು. ಅಂಥ ನಾಲ್ಕು ಬಿಂದುಗಳಿಗೆ 16. ಒಟ್ಟು 8 + 12 + 8 + 16 = 44. ಗಾತ್ರದ ದಾರಿಯಲ್ಲಿ ಅವಿತಿದ್ದ ಚಛಝ ಇಲ್ಲಿ ಎದುರಿಗೇ ನಿಂತಿರುವುದನ್ನು ಗಮನಿಸಿ. ಚ ಬಿಂದುವಿನಿಂದ ಹೊರಡುವ ಎರಡು ಓರೆಗೆರೆಗಳನ್ನು ನೋಡಿದವರು ಅದನ್ನು ಬಿಡಲಾರರು.

ಈ ದಾರಿಯಲ್ಲೂ ಒಂದು ಎಚ್ಚರ ಬೇಕು. ಮೂರು ಬಿಂದುಗಳಿವೆ ಎಂದ ಮಾತ್ರಕ್ಕೆ ತ್ರಿಭುಜವಾಗುವುದಿಲ್ಲ. ಪಫಮ ಎಂಬುದು ಬಾಯಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ, ಆದರೆ ಪ ಮತ್ತು ಫ ನಡುವೆ ಗೆರೆಯೇ ಇಲ್ಲ. ಹೆಸರು ಬರೆದ ಮೇಲೆ ಮೂರೂ ಬಾಹುಗಳ ಮೇಲೆ ಪೆನ್ಸಿಲನ್ನು ಮೇಲೆತ್ತದೆ ಓಡಿಸಿ ನೋಡಬೇಕು.

ಚೌಕಗಳ ಎಣಿಕೆ ಇದಕ್ಕಿಂತ ಚಿಕ್ಕದು. ಹೊರಚೌಕ 1, ಕಾಲುಚೌಕಗಳು 4, ಓರೆ ಚೌಕ 1 ಎಂದು ಆರಕ್ಕೇ ನಿಲ್ಲಿಸುವವರು ಬಹಳ. ಆಗಲೇ ನೆನಪಿನಲ್ಲಿಡಿ ಎಂದ ಪುಟ್ಟ ಓರೆ ಚೌಕಗಳು ಇನ್ನೂ ಉಳಿದಿವೆ: ಚ, ಪ, ಮ, ಫ ಬಿಂದುಗಳದು ಒಂದು, ಉಳಿದ ಮೂರು ಬದಿಗಳಲ್ಲಿ ಒಂದೊಂದು. ಬೇರೆ ಚೌಕಗಳ ನಡುವಿನಲ್ಲಿ ಗೆರೆಗಳು ಒಂದನ್ನೊಂದು ಹಾಯುತ್ತವೆ. ಇವುಗಳ ನಡುವೆಯಾದರೋ ಒಂದೇ ಗೆರೆ ಸಾಗಿಹೋಗಿರುವುದರಿಂದ ಕಣ್ಣು ಇವನ್ನು ಚೌಕವೆಂದು ಹಿಡಿಯದೆ ಎರಡು ತ್ರಿಭುಜಗಳೆಂದು ಓದಿಬಿಡುತ್ತದೆ. ಒಟ್ಟು 10.

ಲಂಬಕೋನದ ಗುರುತು ಎಲ್ಲ ಚಿತ್ರಗಳಿಗೂ ಒದಗದು. ಸಮಬಾಹು ತ್ರಿಭುಜದ ಪ್ರತಿ ಬಾಹುವನ್ನು 4 ಸಮಭಾಗ ಮಾಡಿ, ಬಾಹುಗಳಿಗೆ ಸಮಾಂತರವಾಗಿ ಗೆರೆ ಎಳೆದು ಜಾಲ ಮಾಡಿದರೆ ಅದರಲ್ಲಿ ಲಂಬಕೋನವೇ ಇರುವುದಿಲ್ಲ. ಅಲ್ಲಿ ತುದಿ ಮೇಲಕ್ಕಿರುವವನ್ನು ಮತ್ತು ಕೆಳಕ್ಕಿರುವವನ್ನು ಬೇರೆಬೇರೆಯಾಗಿ, ಗಾತ್ರದ ಪ್ರಕಾರ ಎಣಿಸಬೇಕು. ಮೇಲ್ಮುಖದವು 10 + 6 + 3 + 1 = 20, ಕೆಳಮುಖದವು 6 + 1 = 7, ಒಟ್ಟು 27. ಕೆಳಮುಖದವುಗಳಲ್ಲಿ ಎರಡು ಘಟಕ ಬಾಹುವಿನದು ಒಂದೇ ಒಂದು ಇದ್ದು, ಜಾಲದ ನಟ್ಟನಡುವೆ ತಲೆಕೆಳಗಾಗಿ ನಿಂತಿರುತ್ತದೆ. 26 ಎಂದು ಉತ್ತರ ಬಂದವರು ಮೊದಲು ಅದನ್ನು ಹುಡುಕಬೇಕು.